ಬೋರ್ಡಿಗೆ ಲೋಗೋ ಕೊಡುವ ಮುಂಚೆ

ಬಾಗಲಕೋಟೆಯಲ್ಲಿ ನಮ್ಮ ಮಾವನ ಸೀರೆ ಅಂಗಡಿಗೆ 8 ಅಡಿ ಬೋರ್ಡು ಮಾಡಿಸಬೇಕಿತ್ತು. ಕೈಯಲ್ಲಿದ್ದ ಲೋಗೋ ವಾಟ್ಸಾಪಿನಲ್ಲಿ ಬಂದದ್ದು, ಅಗಲ ಬರೀ 200 ಪಿಕ್ಸೆಲ್. 8 ಅಡಿ ಅಂದ್ರೆ 96 ಇಂಚು. ಅಲ್ಲಿಗೆ ಒಂದೊಂದು ಪಿಕ್ಸೆಲ್ಲೂ ಸುಮಾರು ಅರ್ಧ ಇಂಚಿನ ಚೌಕ! ಹಿಗ್ಗಿಸಿದರೆ ಆ ಚೌಕದ ಅಂಚು ಮಸುಕಾಗುತ್ತೆ ಅಷ್ಟೇ, ಇಲ್ಲದ ಗೆರೆ ಎಲ್ಲಿಂದ ಬರಬೇಕು?

ಅದಕ್ಕೆ, ಎಷ್ಟು ಹಿಗ್ಗಿಸಿದರೂ ಮಸುಕಾಗದ ಗೆರೆ ಬರೆಯುವ Inkscape ಸಾಫ್ಟ್‌ವೇರಿನಲ್ಲಿ ಚಿತ್ರವನ್ನು ಕೆಳಗಿನ ಲೇಯರಿನಲ್ಲಿಟ್ಟು ಲಾಕ್ ಮಾಡಿ, ಮೇಲೆ ಪೆನ್ ಟೂಲಿನಿಂದ ಹೊಸದಾಗಿ ಬರೆದೆ. ನವಿಲಿನ ಕತ್ತಿನ ಬಾಗಿಗೆ ನಾಲ್ಕೇ ಬಿಂದು ಸಾಕಾಯ್ತು; ಜಾಸ್ತಿ ಇಟ್ಟರೆ ಗೆರೆ ಅಂಕುಡೊಂಕಾಗುತ್ತೆ. ಚಿತ್ರವನ್ನು ತಾನೇ ಗೆರೆಯಾಗಿಸುವ Trace Bitmap ಕೂಡ ಸುಮ್ನೆ ಒತ್ತಿ ನೋಡಿದ್ದೆ, ಅದು ಪಿಕ್ಸೆಲ್ಲಿನ ಮೆಟ್ಟಿಲುಗಳನ್ನೇ ಗೆರೆ ಮಾಡಿಕೊಟ್ಟಿತು.

ಅಕ್ಷರಗಳನ್ನು Object to Path ಒತ್ತಿ ಗೆರೆಗಳಾಗಿ ಮಾಡಿಯೇ PDF ಕೊಡಿ. ಬೋರ್ಡಿನವರ ಕಂಪ್ಯೂಟರಿನಲ್ಲಿ ನಿಮ್ಮ ಫಾಂಟ್ ಇಲ್ಲದಿದ್ದರೆ ಒತ್ತಕ್ಷರ ಚೆಲ್ಲಾಪಿಲ್ಲಿ ಆಗಬಹುದು.