ನಾಲ್ಕನೇ ಪುಟ ಇಲ್ಲದ ಅರ್ಜಿ

ಮದ್ದೂರಿನಲ್ಲಿ ನನ್ನದೊಂದು ಸಣ್ಣ ಜೆರಾಕ್ಸ್ ಅಂಗಡಿ ಇದೆ. ಟೈಪಿಂಗ್, ಸ್ಕ್ಯಾನಿಂಗ್, ಅರ್ಜಿ ತುಂಬಿಕೊಡುವುದು, ಎಲ್ಲ ಮಾಡುತ್ತೇನೆ. ದಿನಕ್ಕೆ ಹತ್ತಾರು ಸರ್ಕಾರಿ ಅರ್ಜಿ ಕೈ ದಾಟಿ ಹೋಗುತ್ತವೆ. ಅಂಥ ನಾನೇ ನಮ್ಮ ಅತ್ತಿಗೆಯ ಅರ್ಜಿಯನ್ನ ಅರ್ಧಂಬರ್ಧ ಕಳಿಸಿಬಿಡುತ್ತಿದ್ದೆ.

ಹೊಲಿಗೆ ಯಂತ್ರಕ್ಕೆ ಸಹಾಯಧನ ಕೊಡುವ ಒಂದು ಯೋಜನೆ ಅದು. ಯಾವ ಇಲಾಖೆ ಅಂತ ಹೇಳುವುದಿಲ್ಲ, ಈ ತಪ್ಪು ಎಲ್ಲಿ ಬೇಕಾದರೂ ಆಗುವಂಥದ್ದು. ಜಾಲತಾಣದಲ್ಲಿ ಅರ್ಜಿ ನಮೂನೆ ಹಾಕಿದ್ದರು. ಟೈಪ್ ಮಾಡಿದ ಫೈಲ್ ಅಲ್ಲ, ಕಾಗದವನ್ನ ಸ್ಕ್ಯಾನ್ ಮಾಡಿ ಹಾಕಿದ ಪಿಡಿಎಫ್. ಸೋಮವಾರ ಸಂಜೆ ಇಳಿಸಿಕೊಂಡು ಮೂರು ಪುಟ ಪ್ರಿಂಟ್ ತೆಗೆದೆ. ಅತ್ತಿಗೆ ಪಕ್ಕದಲ್ಲೇ ಕೂತು ಆಧಾರ್, ಪಾಸ್‌ಬುಕ್ಕು, ಜಾತಿ ಪ್ರಮಾಣಪತ್ರ ಒಂದೊಂದೇ ಕೊಡುತ್ತಿದ್ದರು, ನಾನು ತುಂಬುತ್ತಿದ್ದೆ. ಮೂರನೇ ಪುಟದ ಕೊನೆಗೆ ಬಂದು "ಅತ್ತಿಗೆ, ಇಲ್ಲಿ ಸೈನ್ ಹಾಕಿ" ಅಂದೆ. ಎಲ್ಲಿ ಅಂತ ಅವರು ಹುಡುಕಿದರು. ಸಹಿ ಮಾಡುವ ಜಾಗವೇ ಇರಲಿಲ್ಲ.

ಪುಟದ ಕೊನೆಯ ಸಾಲು ಹೀಗಿತ್ತು: "ಮೇಲೆ ತಿಳಿಸಿರುವ ಎಲ್ಲಾ ಮಾಹಿತಿಯು ನನಗೆ ತಿಳಿದ ಮಟ್ಟಿಗೆ". ಅಷ್ಟೇ. ಮಾತು ಅರ್ಧಕ್ಕೇ ನಿಂತಿತ್ತು.

ಅಂಥ ಕಡೆ ಅನುಮಾನ ಬಂದರೆ ನಾನು ನೋಡುವುದು ಎರಡು ವಿಷಯ. ಕೆಳಗೆ ಪುಟ ಸಂಖ್ಯೆ ಏನಾದರೂ ಇದೆಯಾ ಅನ್ನುವುದು ಒಂದು. ಇದರಲ್ಲಿ ಇರಲಿಲ್ಲ. ಇನ್ನೊಂದು, ಕಾಗದದ ಹಿಂಬದಿಯ ನೆರಳು. ಸರ್ಕಾರಿ ನಮೂನೆಗಳನ್ನ ಸಾಮಾನ್ಯವಾಗಿ ಎರಡೂ ಬದಿ ಪ್ರಿಂಟ್ ಮಾಡಿರುತ್ತಾರೆ. ತೆಳು ಕಾಗದವಾದರೆ ಸ್ಕ್ಯಾನ್ ಮಾಡುವಾಗ ಹಿಂಬದಿಯ ಅಕ್ಷರ ತಿರುವುಮುರುವಾಗಿ, ಮಸುಕಾಗಿ ಮೂಡುತ್ತದೆ. ಮೂರನೇ ಪುಟವನ್ನ ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದೆ, ಬೂದು ಬಣ್ಣದ ಗೆರೆಗಳು ಕಂಡವು. ಆ ಪುಟವನ್ನ ಫೋಟೊ ಮಾಡಿಕೊಂಡು ಫೋನಿನಲ್ಲಿ ಎಡಬಲ ತಿರುಗಿಸಿದೆ, ಕಾಂಟ್ರಾಸ್ಟ್ ಏರಿಸಿದೆ. "ಸ್ಥಳ", "ದಿನಾಂಕ" ಓದಲು ಬಂತು. ಕೆಳಗೆ ಒಂದು ದೊಡ್ಡ ಚೌಕ, ಅದರೊಳಗೆ ಏನೋ ಐದಾರು ಸಾಲು, ಅವು ಮಾತ್ರ ಏನು ಮಾಡಿದರೂ ಓದಲಾಗಲಿಲ್ಲ.

ಅಂದರೆ ನಾಲ್ಕನೇ ಪುಟ ಇದೆ. ಯಾರೋ ಸ್ಕ್ಯಾನ್ ಮಾಡುವಾಗ ಕೊನೆಯ ಹಾಳೆಯನ್ನ ಮಗುಚಿ ಹಾಕಲು ಮರೆತಿದ್ದಾರೆ. ನಮ್ಮ ಅಂಗಡಿಯಲ್ಲೂ ಆಗುತ್ತದೆ, ನಾನೇನು ಬೈಯುವುದಿಲ್ಲ.

ಇಲ್ಲಿ ಒಂದು ಆಸೆ ಬರುತ್ತದೆ, ನನಗೂ ಬಂತು. ದೃಢೀಕರಣದ ವಾಕ್ಯ ಏನಿರುತ್ತದೆ ಅಂತ ಗೊತ್ತೇ ಇದೆಯಲ್ವಾ, "ಸತ್ಯವಾಗಿರುತ್ತದೆ ಎಂದು ದೃಢೀಕರಿಸುತ್ತೇನೆ" ಅಂತ. ನಾನೇ ಒಂದು ಪುಟ ಟೈಪ್ ಮಾಡಿ ಸಹಿ ಹಾಕಿಸಿ ಸೇರಿಸಿಬಿಟ್ಟರೆ? ಆ ಚೌಕ ನನ್ನನ್ನ ತಡೆಯಿತು. ಅದರಲ್ಲಿ ಏನಿದೆ ಅಂತ ಗೊತ್ತಿಲ್ಲದೆ ಪುಟ ಕಟ್ಟಲು ಆಗುವುದಿಲ್ಲ. ಅದು "ಕಚೇರಿ ಉಪಯೋಗಕ್ಕೆ ಮಾತ್ರ" ಅನ್ನುವ ಭಾಗ ಇರಬಹುದು, ಇನ್ಯಾರದೋ ಸಹಿ ಬೇಕಾದ ಭಾಗವೂ ಇರಬಹುದು.

ಕೊನೆಯ ದಿನ ಶನಿವಾರ ಅಂತ ಪ್ರಕಟಣೆಯಲ್ಲಿತ್ತು. ಕ್ಯಾಲೆಂಡರ್ ನೋಡಿದರೆ ಅದು ನಾಲ್ಕನೇ ಶನಿವಾರ. ಎರಡನೇ ಶನಿವಾರದ ಜೊತೆ ನಾಲ್ಕನೇ ಶನಿವಾರವೂ ರಾಜ್ಯ ಸರ್ಕಾರಿ ಕಚೇರಿಗಳಿಗೆ ರಜೆ. ಹಾಗಾಗಿ ನಮಗೆ ಉಳಿದಿದ್ದು ಶುಕ್ರವಾರ ಸಂಜೆಯವರೆಗೆ. ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕಟ್ಟಿ ಕೇಳಿ ಅಂತ ಪಕ್ಕದ ಅಂಗಡಿಯವರು ಹೇಳಿದರು. ಅದಕ್ಕೆ ಉತ್ತರ ಕೊಡಲು ಅವರಿಗೆ 30 ದಿನ ಇರುತ್ತದೆ. ನಾಲ್ಕು ದಿನದ ಕೆಲಸಕ್ಕೆ ಅದು ಆಗುವ ಮಾತಲ್ಲ.

ಮಂಗಳವಾರ ಬೆಳಗ್ಗೆ ಫೋನ್ ಮಾಡಿದೆ. ಎತ್ತಿದವರು "ಪರ್ವಾಗಿಲ್ಲ, ಎಲ್ರೂ ಮೂರೇ ಪೇಜ್ ಕೊಟ್ಟವ್ರೆ, ನೀವೂ ಹಂಗೇ ಕೊಟ್ಟೋಗಿ" ಅಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಆದರೆ ಫೋನ್ ಎತ್ತುವವರು, ಟಪಾಲು ತೆಗೆದುಕೊಳ್ಳುವವರು, ಆಮೇಲೆ ಅರ್ಜಿ ಪರಿಶೀಲನೆ ಮಾಡುವವರು ಬೇರೆ ಬೇರೆ. ಪರಿಶೀಲನೆಯಲ್ಲಿ ಕೂತವರ ಮುಂದೆ ಬರುವುದು ಕಾಗದ ಮಾತ್ರ. ಅದರಲ್ಲಿ ಸಹಿ ಇಲ್ಲ ಅಂದರೆ "ಅಪೂರ್ಣ ಅರ್ಜಿ" ಅಂತ ಬರೆದು ಪಕ್ಕಕ್ಕೆ ಇಡುತ್ತಾರೆ, ಹಿಂಬರಹ ಬರುತ್ತದೆ. ಫೋನಿನಲ್ಲಿ ಹೀಗಂದಿದ್ದರು ಅಂತ ಆಮೇಲೆ ಹೇಳಿದರೆ, ಯಾರು ಹೇಳಿದರು ಅಂತ ಕೇಳುತ್ತಾರೆ. ಹೆಸರು ಗೊತ್ತಿರುವುದಿಲ್ಲ. ಹಾಗಾಗಿ ನಾನು ಕೇಳುವುದೂ ಕಾಗದದಲ್ಲೇ ಇರಬೇಕು, ಅವರ ಉತ್ತರವೂ ಅರ್ಜಿ ಇರುವ ಫೈಲಿನೊಳಗೇ ಹೋಗಬೇಕು ಅಂತ ತೀರ್ಮಾನಿಸಿದೆ.

ಪತ್ರ ಬರೆದೆ. ತಪ್ಪು ಯಾರದು ಅಂತ ಅದರಲ್ಲಿ ಒಂದು ಮಾತೂ ಹಾಕಲಿಲ್ಲ. "ತಮ್ಮ ಕಚೇರಿಯ ನಿರ್ಲಕ್ಷ್ಯದಿಂದ" ಅಂತ ಶುರುಮಾಡಿದರೆ ಅದಕ್ಕೆ ಉತ್ತರ ಕೊಡಲು ಮೇಲಿನವರನ್ನ ಕೇಳಬೇಕಾಗುತ್ತದೆ, ಶುಕ್ರವಾರ ಕಳೆದು ಹೋಗುತ್ತದೆ. ಮುಖ್ಯ ಭಾಗ ಇದು:

"ವಿಷಯ: ಹೊಲಿಗೆ ಯಂತ್ರ ಸಹಾಯಧನದ ಅರ್ಜಿ ನಮೂನೆಯ 4ನೇ ಪುಟ ಒದಗಿಸುವ ಬಗ್ಗೆ.

ಮಾನ್ಯರೇ, ಮೇಲ್ಕಂಡ ಯೋಜನೆಗೆ ತಮ್ಮ ಕಚೇರಿಯ ಜಾಲತಾಣದಿಂದ ಸೋಮವಾರ ಇಳಿಸಿಕೊಂಡ ಅರ್ಜಿ ನಮೂನೆಯಲ್ಲಿ 3 ಪುಟಗಳು ಮಾತ್ರ ಇವೆ. 3ನೇ ಪುಟದ ಕೊನೆಯಲ್ಲಿ ದೃಢೀಕರಣದ ವಾಕ್ಯ ಪೂರ್ಣವಾಗಿಲ್ಲ, ಅರ್ಜಿದಾರರ ಸಹಿಗೆ ಸ್ಥಳವಿಲ್ಲ. ಸದರಿ ಪುಟದ ಪ್ರತಿ ಲಗತ್ತಿಸಿದೆ. ದಯಮಾಡಿ 4ನೇ ಪುಟದ ಪ್ರತಿ ಒದಗಿಸಲು ಕೋರುತ್ತೇನೆ. ಅದು ಲಭ್ಯವಿಲ್ಲದಿದ್ದಲ್ಲಿ, 3 ಪುಟಗಳ ಅರ್ಜಿಯ ಜೊತೆ ಬಿಳಿ ಹಾಳೆಯಲ್ಲಿ ಬರೆದು ಸಹಿ ಮಾಡಿದ ದೃಢೀಕರಣವನ್ನು ಸ್ವೀಕರಿಸಲಾಗುವುದೇ ಎಂದು ಈ ಪತ್ರದ ಮೇಲೆಯೇ ತಿಳಿಸಲು ಕೋರಿದೆ."

ತಾರೀಖು, ಅತ್ತಿಗೆಯ ಹೆಸರು, ಊರು, ಫೋನ್ ನಂಬರ್, ಸಹಿ. ಪತ್ರ ಅರ್ಜಿದಾರರ ಹೆಸರಿನಲ್ಲೇ ಇರಬೇಕು, ನನ್ನ ಅಂಗಡಿಯ ಹೆಸರಿನಲ್ಲಿ ಅಲ್ಲ. ಎರಡು ಪ್ರತಿ ತೆಗೆದೆ. ಜೊತೆಗೆ ಆ ಪಿಡಿಎಫ್ ಸಿಗುವ ಜಾಲತಾಣದ ಪುಟವನ್ನೂ ಪ್ರಿಂಟ್ ಮಾಡಿಕೊಂಡೆ. ಬ್ರೌಸರಿನಿಂದ ಪ್ರಿಂಟ್ ಕೊಡುವಾಗ ತಾರೀಖು ಮತ್ತು ವಿಳಾಸ ಅಂಚಿನಲ್ಲಿ ಬರುವ ಹಾಗೆ ಇಡಬಹುದು. ಆಮೇಲೆ ಯಾರಾದರೂ ಸರಿಯಾದ ಫೈಲ್ ಹಾಕಿ "ಮೊದಲಿಂದಲೂ ನಾಲ್ಕೇ ಪುಟ ಇತ್ತು" ಅಂದರೆ ಇದೊಂದೇ ಸಾಕ್ಷಿ. ಕಚೇರಿಯ ಇಮೇಲಿಗೂ ಇದನ್ನೇ ಕಳಿಸಿದೆ. ಅದಕ್ಕೆ ಇವತ್ತಿನವರೆಗೂ ಉತ್ತರ ಬಂದಿಲ್ಲ, ಆ ಮಾತು ಬಿಡಿ.

ಬಸ್ಸು ಹತ್ತಿ ಮಂಡ್ಯಕ್ಕೆ ಹೋದಾಗ ಹನ್ನೊಂದೂವರೆ. ಟಪಾಲಿನಲ್ಲಿದ್ದವರು ಪತ್ರ ತೆಗೆದುಕೊಂಡು ಟ್ರೇಗೆ ಹಾಕಿದರು. ಎರಡನೇ ಪ್ರತಿ ಮುಂದೆ ಹಿಡಿದು "ಸರ್, ಇದಕ್ಕೊಂದು ಸೀಲ್" ಅಂದೆ. "ಇದಕ್ಕೆಲ್ಲ ಯಾಕಮ್ಮ ಸೀಲು?" ಅಂದರು. "ಶನಿವಾರ ರಜ ಅಲ್ವಾ ಸರ್, ಅದಕ್ಕೆ" ಅಂದೆ. ನಕ್ಕರು, ಸೀಲು ಒತ್ತಿ ತಾರೀಖು ಬರೆದು ಪುಟ್ಟ ಸಹಿ ಹಾಕಿದರು. ಸೀಲಿನ ಪಕ್ಕ ಟಪಾಲು ನಂಬರನ್ನೂ ಬರೆಸಿಕೊಂಡೆ. ಈ ನಂಬರ್ ಇಲ್ಲದ ಸ್ವೀಕೃತಿ ಅರ್ಧ ಸ್ವೀಕೃತಿ ಇದ್ದ ಹಾಗೆ, ಕಾಗದ ಯಾವ ಟೇಬಲ್ಲಿಗೆ ಹೋಯಿತು ಅಂತ ಹುಡುಕಲು ಬೇಕಾಗುವುದು ಅದೇ.

ಅಲ್ಲಿಂದ ಹಾಗೇ ವಾಪಸ್ ಬರಲಿಲ್ಲ. ಈ ಯೋಜನೆ ನೋಡುವ ಕೇಸ್ ವರ್ಕರ್ ಯಾರು ಅಂತ ಕೇಳಿಕೊಂಡು ಒಳಗೆ ಹೋದೆ. ಮೇಡಂ ಒಬ್ಬರು ಕೂತಿದ್ದರು. ಮೂರನೇ ಪುಟ ಟೇಬಲ್ ಮೇಲಿಟ್ಟು ಕೊನೆಯ ಸಾಲಿನ ಮೇಲೆ ಬೆರಳಿಟ್ಟೆ. ಏನೂ ಹೇಳುವ ಮುಂಚೆ ಅವರೇ ಓದಿಕೊಂಡರು. "ಅಯ್ಯೋ" ಅಂದವರು ಬೀರುವಿನಿಂದ ಮೂಲ ನಮೂನೆ ತೆಗೆದು ಹಾಳೆ ಮಗುಚಿದರು.

ಆ ಚೌಕದಲ್ಲಿ ಇದ್ದದ್ದು ಗ್ರಾಮ ಪಂಚಾಯಿತಿ ಪಿಡಿಒ ದೃಢೀಕರಣ. ಅರ್ಜಿದಾರರು ಈ ಊರಿನ ವಾಸಿ, ಹಿಂದೆ ಇದೇ ಸೌಲಭ್ಯ ಪಡೆದಿಲ್ಲ ಅಂತ ಪಿಡಿಒ ಸಹಿ, ಮೊಹರು ಬೇಕು. ಬಿಳಿ ಹಾಳೆಯಲ್ಲಿ ನಾವು ಏನೇ ಬರೆದುಕೊಟ್ಟಿದ್ದರೂ ಅದು ನಿಲ್ಲುತ್ತಿರಲಿಲ್ಲ. ನಾನು ಪತ್ರದಲ್ಲಿ ಕೇಳಿದ್ದ ಎರಡನೇ ದಾರಿ ಅಲ್ಲೇ ಮುಚ್ಚಿತು.

ಮೇಡಂ ಆ ಪುಟದ ಜೆರಾಕ್ಸ್ ಕೊಟ್ಟರು. ನಮ್ಮ ಪತ್ರದ ಮೇಲೆ "4ನೇ ಪುಟದ ಪ್ರತಿ ಕೊಡಲಾಗಿದೆ" ಅಂತ ಒಂದು ಸಾಲು ಬರೆದು ಸಹಿ ಹಾಕುತ್ತೀರಾ ಅಂತ ಕೇಳಿದೆ. ಸ್ವಲ್ಪ ಯೋಚಿಸಿ ಬರೆದರು. ಆ ಒಂದು ಸಾಲಿಗಾಗಿ ನಾನು ಹತ್ತು ನಿಮಿಷ ಸುಮ್ನೆ ನಿಂತಿದ್ದೆ, ಸಂಕೋಚವೂ ಆಯಿತು. ಜೆರಾಕ್ಸ್ ಪುಟದ ಅಕ್ಷರ ಬೇರೆ, ಕಾಗದ ಬೇರೆ. ಈ ಪುಟ ಎಲ್ಲಿಂದ ಬಂತು ಅಂತ ಪರಿಶೀಲನೆಯಲ್ಲಿ ಯಾರಾದರೂ ಕೇಳಿದರೆ ಉತ್ತರ ಫೈಲಿನಲ್ಲೇ ಇರಲಿ ಅಂತ.

ಬುಧವಾರ ಪಿಡಿಒ ಮೀಟಿಂಗಿಗೆ ಹೋಗಿದ್ದರು. ಗುರುವಾರ ಮಧ್ಯಾಹ್ನ ಸಹಿ ಆಯಿತು. ಶುಕ್ರವಾರ ಅರ್ಜಿ ಕೊಟ್ಟೆವು. ಮೇಲೆ ಒಂದು ಮುಖಪತ್ರ, ಅದರಲ್ಲಿ ಲಗತ್ತುಗಳ ಪಟ್ಟಿ: ಅರ್ಜಿ ನಮೂನೆ 4 ಪುಟ, ಅದರಲ್ಲಿ 1ರಿಂದ 3 ಜಾಲತಾಣದಿಂದ, 4ನೆಯದು ಕಚೇರಿಯಿಂದ ಪಡೆದದ್ದು, ಮಂಗಳವಾರದ ಟಪಾಲು ನಂಬರ್ ಇಷ್ಟು. ಎಲ್ಲ ಹಾಳೆಗಳಿಗೂ ಮೇಲ್ಗಡೆ ಬಲಮೂಲೆಯಲ್ಲಿ ಪೆನ್ನಿನಲ್ಲಿ ಕ್ರಮಸಂಖ್ಯೆ ಹಾಕಿ, ಪ್ರತಿ ಹಾಳೆಗೂ ಅತ್ತಿಗೆಯ ಸಹಿ ಹಾಕಿಸಿದ್ದೆ. ಅಂಚೆಯಲ್ಲಿ ಕಳಿಸಬಹುದಿತ್ತಲ್ಲ ಅಂತ ಅಣ್ಣ ಕೇಳಿದ. ಸ್ಪೀಡ್ ಪೋಸ್ಟಿನಲ್ಲಿ ಲಕೋಟೆ ತಲುಪಿತು ಅಂತ ಗೊತ್ತಾಗುತ್ತದೆ, ಒಳಗೆ ಎಷ್ಟು ಹಾಳೆ ಇತ್ತು ಅಂತ ಗೊತ್ತಾಗುವುದಿಲ್ಲ. ಮುಖಪತ್ರದ ಪ್ರತಿಗೆ ಸೀಲು ಬಿದ್ದರೆ ಹಾಳೆಗಳ ಲೆಕ್ಕಕ್ಕೂ ಸೀಲು ಬಿದ್ದ ಹಾಗೆ.

ಅವತ್ತೇ ಕಚೇರಿಯ ಹೊರಗೆ ಕೆರಗೋಡು ಕಡೆಯ ಒಬ್ಬ ಹುಡುಗಿ ಸಿಕ್ಕಳು. ವಾರದ ಹಿಂದೆಯೇ ಮೂರು ಪುಟ ಕೊಟ್ಟು ಹೋಗಿದ್ದಳಂತೆ. ಅವಳದು ಬೇರೆ ಲೆಕ್ಕ. ಹೊಸದಾಗಿ ಇನ್ನೊಂದು ಅರ್ಜಿ ಕೊಟ್ಟರೆ ಒಂದೇ ಹೆಸರಿನಲ್ಲಿ ಎರಡಾಗುತ್ತದೆ, ಅದರಿಂದ ಇನ್ನೊಂದು ತಕರಾರು. ಅವಳ ಸ್ವೀಕೃತಿಯಲ್ಲಿ ನಂಬರ್ ಇತ್ತು, ಪುಣ್ಯ. ಅಲ್ಲೇ ಮೆಟ್ಟಿಲ ಮೇಲೆ ಕೂತು ಬರೆದುಕೊಟ್ಟೆ: "ಈ ನಂಬರಿನಲ್ಲಿ, ಈ ದಿನಾಂಕದಂದು ಸಲ್ಲಿಸಿದ ನನ್ನ ಅರ್ಜಿಗೆ ಸೇರಬೇಕಾದ 4ನೇ ಪುಟವನ್ನು ಈ ಪತ್ರದೊಂದಿಗೆ ಸಲ್ಲಿಸಿದ್ದೇನೆ, ಸದರಿ ಅರ್ಜಿಯೊಂದಿಗೆ ಸೇರಿಸಿಕೊಳ್ಳಲು ಕೋರುತ್ತೇನೆ. ಇದು ಹೊಸ ಅರ್ಜಿಯಲ್ಲ." ಕೊನೆಯ ವಾಕ್ಯದ ಕೆಳಗೆ ಗೆರೆ ಎಳೆದೆ. ಖಾಲಿ ನಾಲ್ಕನೇ ಪುಟದ ಒಂದು ಜೆರಾಕ್ಸ್ ನನ್ನ ಬ್ಯಾಗಿನಲ್ಲೇ ಇತ್ತು, ಕೊಟ್ಟೆ. ಆಗ ಹನ್ನೆರಡು ಗಂಟೆ. ಪಿಡಿಒ ಸಹಿ ಹಾಕಿಸಿಕೊಂಡು ಐದೂವರೆಯೊಳಗೆ ವಾಪಸ್ ಬರಬೇಕು. ಅವರಪ್ಪ ಬೈಕ್ ತಿರುಗಿಸಿ ನಿಲ್ಲಿಸಿಕೊಂಡಿದ್ದರು.

ಐದು ಗಂಟೆಗೆ ಫೋನ್ ಬಂತು, ಸೀಲು ಬಿತ್ತು ಅಕ್ಕ ಅಂತ.