ಬಾಳೆಕಾಯಿ ಹಿಟ್ಟು ಮತ್ತು ಕರುಳಿನ ಬ್ಯಾಕ್ಟೀರಿಯಾ: ತೀರ್ಥಹಳ್ಳಿ ಸೀಮೆಯ ಒಂಬತ್ತು ಜನರಲ್ಲಿ ನಾನು ಕಂಡದ್ದು

ಆಹಾರ ಬದಲಾದರೆ ಕರುಳಿನ ಬ್ಯಾಕ್ಟೀರಿಯಾಗಳ ಪ್ರಮಾಣ ಬದಲಾಗುತ್ತದೆ ಎಂಬುದನ್ನು ಈಗ ಯಾರೂ ಪ್ರಶ್ನಿಸುವುದಿಲ್ಲ. ನನ್ನ ಸಹೋದ್ಯೋಗಿಗಳು ಪ್ರಶ್ನಿಸಿದ್ದು ಬೇರೆಯದನ್ನು. ದಿನಕ್ಕೆ ನಾಲ್ಕು ಬಾರಿ ಕರೆಂಟ್ ಹೋಗುವ ಊರಿನಲ್ಲಿ, ಮೈನಸ್ ಎಂಬತ್ತು ಡಿಗ್ರಿಯ ಫ್ರೀಜರ್ ಇಲ್ಲದೆ, ಶಿವಮೊಗ್ಗದ ಒಂದು ಕಾಲೇಜಿನ ಪ್ರಯೋಗಾಲಯದಲ್ಲಿ ಕುಳಿತು ಈ ಬದಲಾವಣೆಯನ್ನು ನಂಬುವಂತೆ ಅಳೆಯಬಹುದೇ ಎಂದು ಅವರು ಕೇಳುತ್ತಿದ್ದರು. ಮೂರು ಮಳೆಗಾಲ ಮತ್ತು ಸುಮಾರು 4 ಲಕ್ಷ ರೂಪಾಯಿ ಕಳೆದ ಮೇಲೆ ಅಳೆಯಬಹುದು ಎಂದು ಹೇಳುವ ಸ್ಥಿತಿಗೆ ಬಂದಿದ್ದೇನೆ. ಆ ಹಣದಲ್ಲಿ ಮೂರನೆಯ ಒಂದು ಭಾಗ ನನ್ನ ತಪ್ಪುಗಳಿಗೇ ಖರ್ಚಾಯಿತು.

ನಾನು ಆರಿಸಿಕೊಂಡದ್ದು ಬಾಳೆಕಾಯಿ ಹಿಟ್ಟು. 2021ರಲ್ಲಿ ಉತ್ತರ ಕನ್ನಡದ ಮನೆಗಳಲ್ಲಿ ಬಾಕಾಹು ಎಂಬ ಹೆಸರಿನಲ್ಲಿ ಇದು ಜನಪ್ರಿಯವಾದಾಗ ನಮ್ಮ ಕಡೆಯೂ ಹಲವರು ಮಾಡತೊಡಗಿದ್ದರು. ಹಸಿ ಬಾಳೆಕಾಯಿಯ ಪಿಷ್ಟದಲ್ಲಿ ದೊಡ್ಡ ಪಾಲು ಸಣ್ಣ ಕರುಳಿನಲ್ಲಿ ಜೀರ್ಣವಾಗದೆ ದೊಡ್ಡ ಕರುಳಿಗೆ ಇಳಿಯುತ್ತದೆ ಮತ್ತು ಅಲ್ಲಿನ ಬ್ಯಾಕ್ಟೀರಿಯಾಗಳಿಗೆ ಆಹಾರವಾಗುತ್ತದೆ. ಸಂಸ್ಥೆಯ ನೈತಿಕ ಸಮಿತಿಯ ಒಪ್ಪಿಗೆ ಪಡೆದು, ತೀರ್ಥಹಳ್ಳಿ ಮತ್ತು ಹೊಸನಗರದ ನಡುವಿನ ಮನೆಗಳಿಂದ ಹತ್ತು ಜನರನ್ನು ಸೇರಿಸಿಕೊಂಡೆ. ಜ್ವರ ಬಂದು ಆ್ಯಂಟಿಬಯಾಟಿಕ್ ತೆಗೆದುಕೊಂಡ ಒಬ್ಬರನ್ನು ಕೈಬಿಡಬೇಕಾಯಿತು, ಒಂಬತ್ತು ಜನ ಉಳಿದರು.

ಮೊದಲ ವರ್ಷ ಏನೂ ಕಾಣಿಸಲಿಲ್ಲ. ನಾಲ್ಕು ವಾರ ಹಿಟ್ಟು ತಿಂದವರ ಮಲದ ಮಾದರಿಗೂ ತಿನ್ನುವ ಮುಂಚಿನ ಮಾದರಿಗೂ ವ್ಯತ್ಯಾಸವೇ ಇರಲಿಲ್ಲ. ಕಾರಣ ಹುಡುಕುತ್ತಾ ಹೋದಾಗ ಸಿಕ್ಕಿದ್ದು ಎರಡು. ಜನರು ಹಿಟ್ಟನ್ನು ರೊಟ್ಟಿ ತಟ್ಟಿ, ದೋಸೆ ಹುಯ್ದು ತಿಂದಿದ್ದರು. ನೀರಿನೊಂದಿಗೆ ಬೆಂದ ಪಿಷ್ಟದ ಕಣ ಒಡೆದು ಸಾಮಾನ್ಯ ಅನ್ನದಂತೆ ಮೇಲೆಯೇ ಜೀರ್ಣವಾಗುತ್ತದೆ, ಕೆಳಗೆ ಇಳಿಯುವುದು ಅತ್ಯಲ್ಪ. ಎರಡನೆಯ ಕಾರಣ ನನ್ನದೇ ತಪ್ಪು. ಮಳೆಗಾಲದಲ್ಲಿ ಬಿಸಿಲಿಲ್ಲವೆಂದು ಬಾಳೆಕಾಯಿ ಹೋಳುಗಳನ್ನು ಅಡಿಕೆ ಒಣಗಿಸುವ ಡ್ರೈಯರ್‌ನಲ್ಲಿ ಒಣಗಿಸಿದ್ದೆ. ಹಸಿ ಹೋಳಿನಲ್ಲಿ ನೀರು ತುಂಬಿರುವಾಗಲೇ ಶಾಖ 70 ಡಿಗ್ರಿಯ ಆಸುಪಾಸಿಗೆ ಏರಿದರೆ ಹಿಟ್ಟು ಆಗುವ ಮುಂಚೆಯೇ ಪಿಷ್ಟ ಬೆಂದುಹೋಗುತ್ತದೆ.

ಇದನ್ನು ಕಣ್ಣಾರೆ ನೋಡುವ ಉಪಾಯವೊಂದು ಸಿಕ್ಕಿತು, ಈ ಇಡೀ ಕೆಲಸದಲ್ಲಿ ನನಗೆ ಅತ್ಯಂತ ಹೆಮ್ಮೆ ಇರುವುದು ಅದರ ಬಗ್ಗೆಯೇ. ಕೆಟ್ಟ ಕ್ಯಾಲ್ಕುಲೇಟರ್‌ಗಳ ಪರದೆಯ ಮೇಲಿನ ಪೋಲರಾಯ್ಡ್ ಹಾಳೆಯನ್ನು ಕಿತ್ತು ಎರಡು ತುಂಡು ಮಾಡಿದೆ. ಒಂದನ್ನು ಸೂಕ್ಷ್ಮದರ್ಶಕದ ದೀಪದ ಮೇಲೆ, ಇನ್ನೊಂದನ್ನು ಕಣ್ಣಿನ ಮಸೂರದ ಮೇಲೆ ಇಟ್ಟು, ಹಿನ್ನೆಲೆ ಪೂರ್ತಿ ಕಪ್ಪಾಗುವ ತನಕ ಮೇಲಿನ ತುಂಡನ್ನು ತಿರುಗಿಸಿದೆ. ಒಂದು ಹನಿ ನೀರಿನಲ್ಲಿ ಹಿಟ್ಟಿನ ಚಿಟಿಕೆಯನ್ನು ಕಲಸಿ ನೋಡಿದರೆ ಹಸಿ ಪಿಷ್ಟದ ಪ್ರತಿ ಕಣವೂ ಕಪ್ಪಿನ ನಡುವೆ ಬೆಳಗುತ್ತದೆ ಮತ್ತು ಅದರ ಮೈಮೇಲೆ ಕಪ್ಪು ಶಿಲುಬೆಯಾಕಾರದ ಗುರುತು ಕಾಣುತ್ತದೆ. ಬೆಂದ ಕಣದಲ್ಲಿ ಆ ಹೊಳಪು ಇರುವುದಿಲ್ಲ. ಡ್ರೈಯರ್‌ನ ಹಿಟ್ಟಿನಲ್ಲಿ ಹತ್ತು ಕಣಗಳಲ್ಲಿ ಮೂರು ನಾಲ್ಕು ಮಾತ್ರ ಹೊಳೆಯುತ್ತಿದ್ದವು. ಮುಂದಿನ ಸಲ ಹೋಳುಗಳನ್ನು ತೆಳ್ಳಗೆ ಕೊಯ್ದು, 45 ಡಿಗ್ರಿ ಮೀರದಂತೆ ಫ್ಯಾನ್ ಗಾಳಿಯಲ್ಲಿ ಒಣಗಿಸಿದಾಗ ಹತ್ತಕ್ಕೆ ಒಂಬತ್ತು ಹೊಳೆದವು. ಈ ಸಂದರ್ಭದಲ್ಲೇ ಹಲಸಿನ ಬೇಳೆಯನ್ನೂ ನೋಡಿದೆ. ಹಸಿಯಾಗಿದ್ದಾಗ ಹೊಳಪು ಚೆನ್ನಾಗಿತ್ತು, ಬೇಯಿಸಿದಾಗ ಒಂದೂ ಇರಲಿಲ್ಲ. ಹಲಸಿನ ಬೇಳೆಯನ್ನು ಹಸಿಯಾಗಿ ಯಾರೂ ತಿನ್ನುವುದಿಲ್ಲವಾದ್ದರಿಂದ ಅದನ್ನು ಅಲ್ಲಿಗೇ ಬಿಟ್ಟೆ.

ಎರಡನೆಯ ಸುತ್ತಿನಲ್ಲಿ ಹಿಟ್ಟನ್ನು ಬೇಯಿಸದೆ ತಣ್ಣನೆಯ ಮಜ್ಜಿಗೆಯಲ್ಲಿ ಕದಡಿ ಕುಡಿಯಲು ಹೇಳಿದೆ. ಮೊದಲ ನಾಲ್ಕು ದಿನ 10 ಗ್ರಾಂ, ಬಳಿಕ ದಿನಕ್ಕೆ 30 ಗ್ರಾಂ. ಒಮ್ಮೆಗೇ 30 ಗ್ರಾಂ ಕೊಟ್ಟರೆ ಹೊಟ್ಟೆ ಉಬ್ಬರಿಸಿ ಜನ ಮೂರನೇ ದಿನಕ್ಕೆ ನಿಲ್ಲಿಸಿಬಿಡುತ್ತಾರೆ. ಮಜ್ಜಿಗೆಯಿಂದಲೇ ಬದಲಾವಣೆ ಬಂದಿತು ಎಂದು ಯಾರೂ ಹೇಳಬಾರದೆಂದು, ಹಿಟ್ಟು ಶುರುಮಾಡುವ ಎರಡು ವಾರ ಮುಂಚಿನಿಂದಲೇ ಎಲ್ಲರಿಗೂ ಅಷ್ಟೇ ಮಜ್ಜಿಗೆಯನ್ನು ಹಿಟ್ಟಿಲ್ಲದೆ ಕುಡಿಸಿದ್ದೆ. ಆ ಎರಡು ವಾರಗಳಲ್ಲಿ ಮೂರು ಮಾದರಿ, ಹಿಟ್ಟು ಕುಡಿದ ನಾಲ್ಕು ವಾರಗಳಲ್ಲಿ ಮೂರು ಮಾದರಿ ಪಡೆದೆ. ಒಂದೇ ಮನುಷ್ಯನಲ್ಲಿ ದಿನದಿಂದ ದಿನಕ್ಕೆ ಇಷ್ಟೊಂದು ಏರಿಳಿತ ಇರುವಾಗ ಮುಂಚೆ ಒಂದು, ಆಮೇಲೆ ಒಂದು ಮಾದರಿ ತೆಗೆದು ಹೋಲಿಸುವುದರಲ್ಲಿ ಅರ್ಥವಿಲ್ಲ.

ಮಾದರಿಗಳನ್ನು ಇಡುವ ವಿಷಯದಲ್ಲಿ ನಾನು ಪಟ್ಟ ಪಾಡು ಬೇರೆಯವರಿಗೆ ಬೇಡ. ಮೊದಲ ವರ್ಷದ 18 ಮಾದರಿಗಳನ್ನು ಕಾಲೇಜಿನ ಸಾಧಾರಣ ಫ್ರೀಜರ್‌ನಲ್ಲಿಟ್ಟಿದ್ದೆ. ಜುಲೈ ತಿಂಗಳ ಗಾಳಿಮಳೆಗೆ ಎರಡು ದಿನ ವಿದ್ಯುತ್ ಇರಲಿಲ್ಲ, ಎಲ್ಲವೂ ಕರಗಿದ್ದವು. ಅದು ನನಗೆ ತಿಳಿದದ್ದು ಫಲಿತಾಂಶ ಬಂದ ಮೇಲೆ. ಸಂಬಂಧವೇ ಇಲ್ಲದ ಐದಾರು ಜನರಲ್ಲಿ ಇ. ಕೋಲಿ ಬ್ಯಾಕ್ಟೀರಿಯಾ ಸೇರಿರುವ ಕುಟುಂಬದ ಪಾಲು ಏಕಕಾಲಕ್ಕೆ ಶೇ. 30ರ ಮೇಲೆ ಹೋಗಿತ್ತು. ಗಾಳಿ ತಾಕಿದ ಬೆಚ್ಚನೆಯ ಮಲದಲ್ಲಿ ಈ ಗುಂಪು ಬೇಗ ಬೆಳೆಯುತ್ತದೆ. ಆದ್ದರಿಂದ ಆರೋಗ್ಯವಂತರ ಮಾದರಿಗಳಲ್ಲಿ ಇದು ಒಟ್ಟಿಗೇ ಏರಿದ್ದು ಕಂಡರೆ ಆಹಾರವನ್ನು ಅನುಮಾನಿಸುವ ಮುಂಚೆ ಫ್ರೀಜರನ್ನು ಅನುಮಾನಿಸಬೇಕು. ಡಿಎನ್‌ಎ ಓದಿ ಯಾವ ಬ್ಯಾಕ್ಟೀರಿಯಾ ಎಷ್ಟು ಪಾಲಿದೆ ಎಂದು ಹೇಳುವ ಸೀಕ್ವೆನ್ಸಿಂಗ್‌ಗೆ ಮಾದರಿಯೊಂದಕ್ಕೆ ಹೆಚ್ಚುಕಡಿಮೆ 4,500 ರೂಪಾಯಿಯಂತೆ 81 ಸಾವಿರ ನೀರುಪಾಲಾಯಿತು.

ಆಮೇಲೆ ಸ್ಪಿರಿಟ್‌ನಲ್ಲಿ ಇಡಲು ಹೊರಟೆ. ಸಹೋದ್ಯೋಗಿಗಳು ಅದು ಆಗದ ಕೆಲಸ ಎಂದರು, ಮೊದಲ ಯತ್ನದಲ್ಲಿ ಆಗಲೂ ಇಲ್ಲ. ಏಕೆಂದರೆ ಕೈಗೆ ಸಿಕ್ಕ ಶೇ. 70ರ ಸ್ಪಿರಿಟ್ ಬಳಸಿದ್ದೆ. ಮಲದಲ್ಲಿ ಸುಮಾರು ಮುಕ್ಕಾಲು ಭಾಗ ನೀರೇ ಇರುವುದರಿಂದ ಅದು ಇನ್ನೂ ತೆಳುವಾಗಿ ಡಿಎನ್‌ಎ ತುಂಡಾಗುತ್ತಾ ಹೋಯಿತು. ಅಬಕಾರಿ ಪರವಾನಗಿಯ ಕಾಗದಪತ್ರಗಳಿಗಾಗಿ ಮೂರು ತಿಂಗಳು ಓಡಾಡಿ ಶೇ. 95ಕ್ಕಿಂತ ಹೆಚ್ಚಿನ ಎಥನಾಲ್ ತಂದು, ಒಂದು ಪಾಲು ಮಲಕ್ಕೆ ಕನಿಷ್ಠ ನಾಲ್ಕು ಪಾಲು ಎಥನಾಲ್ ಹಾಕಿ, ಗಂಟಿಲ್ಲದಂತೆ ಕಲಕಿಟ್ಟ ಮೇಲೆ ಮನೆಯ ಕಪಾಟಿನಲ್ಲಿ ಐದು ವಾರವಿದ್ದ ಮಾದರಿಯೂ ಚೆನ್ನಾಗಿಯೇ ಬಂದಿತು. ಡಿಎನ್‌ಎ ತೆಗೆಯುವ ಮುಂಚೆ ಆ ಎಥನಾಲನ್ನು ಹೋಗಲಾಡಿಸುವ ತೊಳೆತವೊಂದನ್ನು ನಾನು ಕಂಡುಕೊಂಡಿದ್ದೇನೆ. ಅದರ ವಿವರವನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಇಷ್ಟಾದರೂ, ಇಂಥ ಪಿಷ್ಟ ತಿಂದು ಬೆಳೆಯಬೇಕಾದ ಬೈಫಿಡೋಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯಾ ಕುಲ ಯಾರಲ್ಲೂ ಕಾಣಿಸುತ್ತಿರಲಿಲ್ಲ. ದಪ್ಪ ಗೋಡೆಯ ಈ ಗ್ರಾಂ ಪಾಸಿಟಿವ್ ಕೋಶಗಳನ್ನು ಡಿಎನ್‌ಎ ತೆಗೆಯುವ ಕಿಟ್‌ನ ಕಿಣ್ವಗಳಿಂದಷ್ಟೇ ಒಡೆಯಲಾಗದು ಎಂಬ ಅನುಮಾನ ಬಂದು ಸಣ್ಣದೊಂದು ಪರೀಕ್ಷೆ ಮಾಡಿದೆ. ತೆಳು ಗೋಡೆಯ ಇ. ಕೋಲಿಯನ್ನೂ ದಪ್ಪ ಗೋಡೆಯ ಬ್ಯಾಸಿಲಸ್ ಸಬ್ಟಿಲಿಸ್ಸನ್ನೂ ಪ್ಲೇಟಿನಲ್ಲಿ ಎಣಿಸಿ ಸಮಸಮವಾಗಿ ಬೆರೆಸಿ, ಅದೇ ಕಿಟ್‌ನಿಂದ ಡಿಎನ್‌ಎ ತೆಗೆದು, ಆಯಾ ಡಿಎನ್‌ಎಗೇ ಅಂಟುವ ಚಿಕ್ಕ ತುಂಡಾದ ಪ್ರೈಮರನ್ನು ಎರಡಕ್ಕೂ ಪ್ರತ್ಯೇಕವಾಗಿ ಹಾಕಿ, ಡಿಎನ್‌ಎಯ ಪ್ರಮಾಣ ತಿಳಿಸುವ ಕ್ಯೂಪಿಸಿಆರ್‌ನಲ್ಲಿ ಅಳೆದಾಗ ಹತ್ತು ಪಾಲಿನಲ್ಲಿ ಒಂಬತ್ತು ಇ. ಕೋಲಿಯದೇ ಬಂದಿತು. ಮಣಿಗಳೊಂದಿಗೆ ಕುಲುಕಿ ಕೋಶ ಒಡೆಯುವ ಬೀಡ್ ಬೀಟರ್ ಯಂತ್ರ ಕೊಳ್ಳುವ ಶಕ್ತಿ ನಮಗಿರಲಿಲ್ಲ. 0.1 ಮಿಲಿಮೀಟರ್ ಜಿರ್ಕೋನಿಯಾ ಮಣಿಗಳನ್ನು ಹಾಕಿದ ಟ್ಯೂಬುಗಳನ್ನು ವೋರ್ಟೆಕ್ಸ್ ಯಂತ್ರದ ತಲೆಗೆ ಅಡ್ಡಡ್ಡವಾಗಿ ಟೇಪಿನಿಂದ ಬಿಗಿದು ಪೂರ್ಣ ವೇಗದಲ್ಲಿ ಹತ್ತು ನಿಮಿಷ, ನಡುವೆ ಐಸ್‌ನಲ್ಲಿಟ್ಟು ಮತ್ತೆ ಹತ್ತು ನಿಮಿಷ ಅಲುಗಿಸಿದೆ. ಆಗ ಮಿಶ್ರಣದ ಲೆಕ್ಕ ಆರಕ್ಕೆ ನಾಲ್ಕರಷ್ಟಾಯಿತು. ಹಳೆಯ ಮಾದರಿಗಳಲ್ಲೂ ಬೈಫಿಡೋಬ್ಯಾಕ್ಟೀರಿಯಂ ಕಾಣಿಸಿಕೊಂಡಿತು. 27ಎಫ್ ಪ್ರೈಮರ್ ಬಳಸುವವರು ಅದರ ಸಾಮಾನ್ಯ ರೂಪ ಈ ಕುಲವನ್ನು ಸರಿಯಾಗಿ ಹಿಡಿಯುವುದಿಲ್ಲ ಎಂಬುದನ್ನೂ ನೆನಪಿಡಬೇಕು.

ಇನ್ನು ಫಲಿತಾಂಶ. ಒಂಬತ್ತರಲ್ಲಿ ಆರು ಜನರಲ್ಲಿ ಬೈಫಿಡೋಬ್ಯಾಕ್ಟೀರಿಯಂ ಏರಿತು, ಇಬ್ಬರಲ್ಲಿ ಅದರ ಬದಲು ರುಮಿನೋಕಾಕಸ್ ಬ್ರೋಮಿ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಏರಿತು, ಒಬ್ಬರಲ್ಲಿ ಏನೂ ಆಗಲಿಲ್ಲ. ಆದರೆ ಏರಿಕೆ ದೊಡ್ಡದಾಗಿದ್ದವರಲ್ಲಿ ಎಷ್ಟು ಬಗೆಗಳಿವೆ, ಅವು ಎಷ್ಟು ಸಮನಾಗಿ ಹಂಚಿವೆ ಎಂದು ಅಳೆಯುವ ಶಾನನ್ ಸೂಚ್ಯಂಕ ಸ್ವಲ್ಪ ಇಳಿದಿತ್ತು. ಇದನ್ನು ತೋರಿಸಿದ ಕೂಡಲೇ, ವೈವಿಧ್ಯ ಕಡಿಮೆಯಾಗಿದೆ, ಪ್ರಿವೊಟೆಲ್ಲಾ ಎಂಬ ಬ್ಯಾಕ್ಟೀರಿಯಾ ಕುಲ ಸಾಯುತ್ತಿದೆ, ಈ ಹಿಟ್ಟು ಹಾನಿ ಮಾಡುತ್ತಿದೆ ಎಂದು ಒಬ್ಬ ಹಿರಿಯ ಸಹೋದ್ಯೋಗಿ ತೀರ್ಪು ಕೊಟ್ಟರು.

ಅವರಿಗೆ ಉತ್ತರ ಕೊಡಲು ಅಡಿಕೆ ತೋಟದ ಮನೆಯ ಐವತ್ತೆರಡು ವರ್ಷದ ಒಬ್ಬ ಅಮ್ಮನ ಲೆಕ್ಕವನ್ನು ಪೂರ್ತಿ ಬಿಡಿಸಿದೆ. ಹಿಟ್ಟಿನ ಮುಂಚೆ ಅವರಲ್ಲಿ ಪ್ರಿವೊಟೆಲ್ಲಾ ಶೇ. 41, ಬೈಫಿಡೋಬ್ಯಾಕ್ಟೀರಿಯಂ ಶೇ. 3 ಇತ್ತು. ಅಕ್ಕಿ, ಸೊಪ್ಪು, ಕಾಳು ತಿಂದು ಬೆಳೆದವರಲ್ಲಿ ಪ್ರಿವೊಟೆಲ್ಲಾ ಇಷ್ಟಿರುವುದು ಅಚ್ಚರಿಯಲ್ಲ. ನಾಲ್ಕನೇ ವಾರಕ್ಕೆ ಪ್ರಿವೊಟೆಲ್ಲಾ 33ಕ್ಕೆ ಇಳಿದು ಬೈಫಿಡೋಬ್ಯಾಕ್ಟೀರಿಯಂ 19ಕ್ಕೆ ಏರಿತ್ತು. ಆದರೆ ಸೀಕ್ವೆನ್ಸಿಂಗ್ ಕೊಡುವುದು ಪಾಲನ್ನು, ಸಂಖ್ಯೆಯನ್ನಲ್ಲ. ಕ್ಯೂಪಿಸಿಆರ್‌ನಿಂದ ಒಟ್ಟು ಬ್ಯಾಕ್ಟೀರಿಯಾವನ್ನು ಒಣ ತೂಕದ ಪ್ರತಿ ಗ್ರಾಮಿಗೆ ಅಳೆದಾಗ ಅದು ಸುಮಾರು 1.3 ಪಟ್ಟಾಗಿತ್ತು. ಹಸಿ ತೂಕದಲ್ಲಿ ಅಳೆದರೆ ಹಿಟ್ಟಿನಿಂದ ಮಲ ಮೃದುವಾದವರಲ್ಲಿ ನೀರು ಲೆಕ್ಕ ಕೆಡಿಸುತ್ತದೆ. ಮುಂಚಿನ ಒಟ್ಟನ್ನು 100 ಎಂದುಕೊಂಡರೆ ಈಗಿನ ಒಟ್ಟು 130. ಅದರ ಶೇ. 33 ಎಂದರೆ ಹತ್ತಿರಹತ್ತಿರ 43. ಅಂದರೆ ಪ್ರಿವೊಟೆಲ್ಲಾ ಸತ್ತಿರಲಿಲ್ಲ, ಇದ್ದಷ್ಟೇ ಇತ್ತು. ಬೈಫಿಡೋಬ್ಯಾಕ್ಟೀರಿಯಂ 3ರಿಂದ ಸುಮಾರು 25 ಆಗಿ, ಎಂಟು ಪಟ್ಟು ಬೆಳೆದಿತ್ತು. ಶಾನನ್ ಇಳಿದದ್ದು ಯಾವುದೋ ಜಾತಿ ಕಳೆದುಹೋದದ್ದರಿಂದಲ್ಲ, ಒಂದು ಕುಲ ಉಳಿದವುಗಳ ನಡುವೆ ಎತ್ತರಕ್ಕೆ ಬೆಳೆದದ್ದರಿಂದ. ಪತ್ತೆಯಾದ ಕುಲಗಳ ಎಣಿಕೆ ಮುಂಚೆ ಇದ್ದಷ್ಟೇ ಇತ್ತು. ಹಿಟ್ಟು ನಿಲ್ಲಿಸಿ ಎರಡು ವಾರವಾದ ಮೇಲೆ ತೆಗೆದ ಮಾದರಿಯಲ್ಲಿ ಬೈಫಿಡೋಬ್ಯಾಕ್ಟೀರಿಯಂ ಮತ್ತೆ ಶೇ. 5ಕ್ಕೆ ಬಂದಿತ್ತು.

ಏನೂ ಬದಲಾಗದ ಆ ಒಬ್ಬರ ವಿಷಯದಲ್ಲಿ ಅವರು ಹಿಟ್ಟು ಕುಡಿದೇ ಇಲ್ಲ ಎಂದು ಎಲ್ಲರೂ ಹೇಳಿದರು. ನನಗೆ ಒಪ್ಪಿಗೆಯಾಗಲಿಲ್ಲ. ಅವರ ಮಲದ ಒಂದು ಹನಿಯನ್ನು ತೆಳುವಾಗಿ ಸವರಿ ಅದೇ ಕ್ಯಾಲ್ಕುಲೇಟರ್ ಹಾಳೆಗಳ ನಡುವೆ ಇಟ್ಟು ನೋಡಿದೆ. ಕಪ್ಪು ಹಿನ್ನೆಲೆಯ ತುಂಬ ಬಾಳೆಕಾಯಿ ಪಿಷ್ಟದ ಉದ್ದುದ್ದ ಕಣಗಳು ಶಿಲುಬೆ ಸಮೇತ ಹೊಳೆಯುತ್ತಿದ್ದವು. ಆ ಅಮ್ಮನ ಮಾದರಿಯಲ್ಲಿ ಇಡೀ ಗಾಜಿಗೆ ಒಂದೋ ಎರಡೋ ಮಾತ್ರ ಕಂಡಿದ್ದವು. ಇವರು ಹಿಟ್ಟನ್ನು ತಪ್ಪದೆ ಕುಡಿದಿದ್ದರು, ಆದರೆ ಅದನ್ನು ಒಡೆಯುವವರು ಅವರ ಕರುಳಿನಲ್ಲಿರಲಿಲ್ಲ. ಅವರ ಆರೂ ಮಾದರಿಗಳಲ್ಲಿ ರುಮಿನೋಕಾಕಸ್ ಬ್ರೋಮಿ ಒಮ್ಮೆಯೂ ಸಿಕ್ಕಿಲ್ಲ. ಹಸಿ ಪಿಷ್ಟದ ಕಣವನ್ನು ಮೊದಲು ಸೀಳುವ ಈ ಜಾತಿ ಇಲ್ಲದಿದ್ದರೆ, ಸೀಳಿದ ಚೂರುಗಳನ್ನು ತಿಂದು ಕರುಳಿನ ಗೋಡೆಗೆ ಆಹಾರವಾಗುವ ಬ್ಯುಟಿರೇಟ್ ಎಂಬ ಆಮ್ಲ ಮಾಡುವ ಇತರ ಬ್ಯಾಕ್ಟೀರಿಯಾಗಳಿಗೂ ಹೆಚ್ಚೇನೂ ಸಿಗುವುದಿಲ್ಲ.

ಅಂದು ಸಂಜೆ ಆ ಹಿರಿಯರನ್ನು ಕರೆದು ಎರಡೂ ಗಾಜುಗಳನ್ನು ತೋರಿಸಿದೆ. ಅವರು ಬಹಳ ಹೊತ್ತು ನೋಡಿ, "ಈ ಹಾಳೆಗಳನ್ನು ನನಗೂ ಒಂದು ಜೊತೆ ಮಾಡಿಕೊಡಿ" ಎಂದರು. ಹಿಟ್ಟು ಒಗ್ಗದ ಆ ವ್ಯಕ್ತಿಗೆ ಈಗ ಹಿಟ್ಟಿನ ಬದಲು ರಾತ್ರಿ ಮಾಡಿ ತಣಿಸಿಟ್ಟ ಅನ್ನವನ್ನು ಬೆಳಗ್ಗೆ ಮಜ್ಜಿಗೆ ಕಲಸಿ ಕೊಡುತ್ತಿದ್ದೇವೆ. ಅದರ ಪಿಷ್ಟದ ರಚನೆ ಬೇರೆ. ಮೂರು ಟ್ಯೂಬುಗಳು ಎಥನಾಲ್‌ನಲ್ಲಿವೆ, ಇನ್ನೂ ಮೂರು ಸೇರಿದ ಮೇಲೆ ಬೆಂಗಳೂರಿಗೆ ಕಳುಹಿಸುತ್ತೇನೆ.