400ರಿಂದ 800 ಕಿ.ಮೀ.ಗೆ: ಕಡಿಮೆ ಇಂಧನದಲ್ಲಿ ಉಪಗ್ರಹವನ್ನು ಮೇಲೇರಿಸುವುದು ಹೇಗೆ?

ಉಪಗ್ರಹ ಕೆಳಗೆ ಬೀಳದಿರುವುದು ಅಲ್ಲಿ ಗುರುತ್ವ ಇಲ್ಲ ಅಂತಲ್ಲ. 400 ಕಿ.ಮೀ. ಎತ್ತರದಲ್ಲೂ ಭೂಮಿಯ ಸೆಳೆತ ನೆಲದ ಮೇಲಿರುವುದರ ಶೇ 89ರಷ್ಟು ಇರುತ್ತದೆ. ಅಲ್ಲಿ ಉಪಗ್ರಹ ಒಂದು ಸೆಕೆಂಡಿನಲ್ಲಿ ತನ್ನ ನೇರ ದಾರಿಯಿಂದ 4.3 ಮೀಟರ್ ಭೂಮಿಯ ಕಡೆ ಬೀಳುತ್ತದೆ. ಅಷ್ಟರಲ್ಲಿ 7.67 ಕಿ.ಮೀ. ಮುಂದಕ್ಕೂ ಹೋಗಿರುತ್ತದೆ. ಭೂಮಿ ದುಂಡಗಿದೆ ಅಲ್ವಾ? ಅದನ್ನು ಸುತ್ತುವ ಉಪಗ್ರಹದ ದುಂಡು ದಾರಿ ಅಷ್ಟು ದೂರಕ್ಕೆ ಬಾಗುವುದೂ 4.3 ಮೀಟರೇ. ಹಾಗಾಗಿ ಅದು ಬೀಳುತ್ತಲೇ ಇದ್ದರೂ ನೆಲದಿಂದ ಇರುವ ದೂರ ಬದಲಾಗುವುದಿಲ್ಲ.

ಈಗ ಅದನ್ನು 800 ಕಿ.ಮೀ.ಗೆ ಏರಿಸಬೇಕು. ಎಂಜಿನ್ ಉರಿಸಿ ನೇರವಾಗಿ ಮೇಲಕ್ಕೆ ತಳ್ಳೋಣ ಅನಿಸುತ್ತದೆ. ಹಾಗೆ ಮಾಡಿದರೆ ಇಂಧನ ಜಾಸ್ತಿ ಖರ್ಚಾಗುತ್ತದೆ. ಉಪಗ್ರಹ ಓಡುತ್ತಿರುವ ದಿಕ್ಕಿನಲ್ಲೇ ತಳ್ಳಿದಾಗ ಅದೇ ಇಂಧನಕ್ಕೆ ಹೆಚ್ಚು ಶಕ್ತಿ ಸಿಗುತ್ತದೆ. ಜರ್ಮನಿಯ ಎಂಜಿನಿಯರ್ ವಾಲ್ಟರ್ ಹೋಮನ್ 1925ರಲ್ಲಿ ತೋರಿಸಿಕೊಟ್ಟ ದಾರಿ ಇದು.

ಮೊದಲು ಮುಂದಕ್ಕೆ ತಳ್ಳಿ ಸೆಕೆಂಡಿಗೆ 109 ಮೀಟರ್ ವೇಗ ಕೂಡಿಸಿ. ದುಂಡಗಿದ್ದ ಕಕ್ಷೆ ಈಗ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಎಂಜಿನ್ ಉರಿಸಿದ ಜಾಗ 400 ಕಿ.ಮೀ.ಯಲ್ಲೇ ಉಳಿಯುತ್ತದೆ, ಭೂಮಿಯ ಎದುರು ಬದಿಯಲ್ಲಿ ಮಾತ್ರ ಕಕ್ಷೆ 800ಕ್ಕೆ ಏರುತ್ತದೆ.

ಆಮೇಲೆ ಎಂಜಿನ್ ನಿಲ್ಲಿಸಿ 48 ನಿಮಿಷ ಕಾಯಬೇಕು. ಮೇಲೆಸೆದ ಕಲ್ಲಿನ ಹಾಗೆ ಉಪಗ್ರಹ ಏರುತ್ತಾ ನಿಧಾನವಾಗುತ್ತದೆ. ತುದಿ ಮುಟ್ಟುವಾಗ ವೇಗ ಸೆಕೆಂಡಿಗೆ 7.34 ಕಿ.ಮೀ. ಮಾತ್ರ. ಅಲ್ಲಿ ದುಂಡಗೆ ಸುತ್ತಲು 7.45 ಬೇಕು. ಸುಮ್ನೆ ಬಿಟ್ಟರೆ ಮತ್ತೆ 400ಕ್ಕೇ ಇಳಿದುಬಿಡುತ್ತದೆ. ಅದಕ್ಕೇ ತುದಿಯಲ್ಲಿ ಇನ್ನೊಮ್ಮೆ, ಸೆಕೆಂಡಿಗೆ 108 ಮೀಟರ್‌ನಷ್ಟು, ಮುಂದಕ್ಕೆ ತಳ್ಳಬೇಕು.

ಈ ಲೆಕ್ಕದಲ್ಲಿ ನನಗೆ ತುಂಬಾ ಇಷ್ಟವಾದದ್ದು ಒಂದಿದೆ. ಎರಡು ಸಲ ಸೇರಿ 217 ಮೀಟರ್ ವೇಗ ಕೊಟ್ಟೆವು. ಆದರೂ ಕೊನೆಗೆ ಉಪಗ್ರಹ ಮೊದಲಿಗಿಂತ 217 ಮೀಟರ್ ನಿಧಾನವಾಗಿಯೇ ಓಡುತ್ತದೆ! ಕೊಟ್ಟ ಶಕ್ತಿಯಷ್ಟೇ ಅಲ್ಲ, ಓಟದ ಶಕ್ತಿಯಲ್ಲೂ ಒಂದು ಪಾಲು ಎತ್ತರ ಏರುವುದಕ್ಕೆ ಹೋಗಿರುತ್ತದೆ.

ಸರಿಯಾಗಿ ಆಯಿತೇ ಎಂದು ತಿಳಿಯಲು ಒಂದು ಸುತ್ತಿನ ಸಮಯ ನೋಡಿ. 400ರಲ್ಲಿ ಅದು ಸುಮಾರು 92 ನಿಮಿಷ, 800ರಲ್ಲಿ 101. ಮೊದಲ ತಳ್ಳಿನ ನಂತರ 97ರ ಹತ್ತಿರ ಬರಬೇಕು. ಆ ತಳ್ಳು ಸೆಕೆಂಡಿಗೆ ಒಂದೇ ಮೀಟರ್ ಕಡಿಮೆಯಾದರೂ ಎದುರು ತುದಿ ಸುಮಾರು 4 ಕಿ.ಮೀ. ಕೆಳಗೇ ಉಳಿಯುತ್ತದೆ.

ಎರಡು ಕಕ್ಷೆಗಳೂ ಒಂದೇ ಸಮತಲದಲ್ಲಿದ್ದರೆ ಮಾತ್ರ ಈ ಲೆಕ್ಕ. ಕಕ್ಷೆಯ ಓರೆಯನ್ನು ಬರೀ 1 ಡಿಗ್ರಿ ಬದಲಿಸಲು ಸೆಕೆಂಡಿಗೆ ಸುಮಾರು 130 ಮೀಟರ್ ಬೇಕಾಗುತ್ತದೆ. ಇಲ್ಲಿನ ಎರಡು ತಳ್ಳುಗಳಲ್ಲಿ ಯಾವ ಒಂದಕ್ಕಿಂತಲೂ ಅದು ಜಾಸ್ತಿ.